ಮದುಮಗನ ಹಲ್ಲು ಬೆಳ್ಳಗೆ ಮಾಡೋಕೆ ಹೋಗಿ ಹಲ್ಲುಸೆಟ್ ಕಟ್ಟಿಸಿದ ಹಾಗಾಯ್ತು, ಎಲ್ಲಿ ತಪ್ಪಿದೆ?

ಅರಸೀಕೆರೆ ಫೋಟೋ

ಎಲ್ಲರಿಗೂ ನಮಸ್ಕಾರ. ಮದುವೆ ಆಲ್ಬಂ ಕೆಲಸ ಶುರುಮಾಡಿ ಒಂದೂವರೆ ವರ್ಷ ಆಯ್ತು. ಮೊದಲ ಸಲ ಒಂದು ಆಲ್ಬಂ ವಾಪಸ್ ಬಂದಿದೆ.

ಛತ್ರದಲ್ಲಿ ತೆಗೆದ ಫೋಟೋ. ಮೇಲೆಲ್ಲ ಹಳದಿ ಬಲ್ಬು. ಧಾರೆ ಮುಗಿದ ಮೇಲೆ ಮದುಮಗ ಬಾಯ್ತುಂಬ ನಗ್ತಿರೋ ಒಂದು ಕ್ಲೋಸಪ್ ಇದೆ, ಅದನ್ನೇ ಮುಖಪುಟಕ್ಕೆ ಹಾಕಿದ್ದೆ. ಹಲ್ಲು ಸ್ವಲ್ಪ ಹಳದಿ ಕಾಣ್ತಿತ್ತು. ಅವರೇ "ಸ್ವಲ್ಪ ಬೆಳ್ಳಗೆ ಮಾಡಿಬಿಡಿ" ಅಂದಿದ್ದರು. ಫೋಟೋಶಾಪ್‌ನಲ್ಲಿ ಲಾಸೊ ಹಿಡಿದು ಹಲ್ಲನ್ನೆಲ್ಲ ಸೆಲೆಕ್ಟ್ ಮಾಡಿದೆ. Hue/Saturation ತೆಗೆದು Saturation -100, Lightness +40 ಕೊಟ್ಟೆ. ಸ್ಕ್ರೀನ್ ಮೇಲೆ ಪರವಾಗಿಲ್ಲ ಅನ್ನಿಸಿತ್ತು.

ಪ್ರಿಂಟ್ ನೋಡಿ ಮದುಮಗನ ಅಪ್ಪ ಒಂದೇ ಮಾತು ಹೇಳಿದರು: "ನನ್ನ ಮಗನಿಗೆ ಹಲ್ಲುಸೆಟ್ ಯಾವಾಗಪ್ಪ ಕಟ್ಟಿಸಿದೆ?" ನಿಜ, ಹಾಗೇ ಇದೆ. ಬಾಯಲ್ಲಿ ಬಿಳಿ ಪಟ್ಟಿ ಅಂಟಿಸಿದ ಹಾಗೆ. Lightness ಕಮ್ಮಿ ಮಾಡಿದರೆ ಬೂದು ಬಣ್ಣ, ಜಾಸ್ತಿ ಮಾಡಿದರೆ ಸುಣ್ಣ. ಮಧ್ಯದಲ್ಲಿ ಸರಿಯಾದ ಜಾಗ ಎಲ್ಲೂ ಸಿಕ್ತಿಲ್ಲ.

ಶಾರದಕ್ಕ

ನಾನಂತೂ ಅಡಿಗೆ ಸೋಡಾಕ್ಕೆ ಎರಡು ತೊಟ್ಟು ನಿಂಬೆರಸ ಹಾಕಿ ವಾರಕ್ಕೊಮ್ಮೆ ಉಜ್ಜುತ್ತೇನೆ. ಹುಡುಗನಿಗೆ ಮದುವೆಗೆ ಒಂದು ತಿಂಗಳು ಮೊದಲೇ ಹೇಳಬೇಕಿತ್ತು ನೀವು.

ಕ್ಯಾಮೆರಾ ಕಿಟ್ಟಿ

ಅಕ್ಕ, ಅವರು ಕೇಳ್ತಿರೋದು ಫೋಟೋದಲ್ಲಿರೋ ಹಲ್ಲಿನ ವಿಷಯ, ಬಾಯಲ್ಲಿರೋದಲ್ಲ 😄 ನಿಂಬೆರಸ ಹಾಕಿ ಉಜ್ಜಿದರೆ ಹಲ್ಲಿನ ಮೇಲ್ಪದರ ಸವೆಯುತ್ತೆ, ದಯವಿಟ್ಟು ಬಿಡಿ.

ಅರಸೀಕೆರೆಯವರೇ, ನಿಮ್ಮದು ಸುಲಭ. Hue/Saturation ಮುಟ್ಟಲೇಬೇಡಿ. Dodge Tool ತಗೊಳ್ಳಿ, Range ಅಲ್ಲಿ Highlights, Exposure 20%. ಹಲ್ಲಿನ ಮೇಲೆ ನಾಲ್ಕು ಸಲ ಉಜ್ಜಿ. ಎರಡು ನಿಮಿಷದ ಕೆಲಸ. ನಾನು ಹತ್ತು ವರ್ಷದಿಂದ ಹೀಗೇ ಮಾಡ್ತಿದ್ದೀನಿ.

ಹಳೇ ರಿಟಚರ್

ಕಿಟ್ಟಿ, ನಿಮ್ಮ ದಾರಿ ಅರ್ಧ ಸರಿ. ಬೆಳಕನ್ನು ಬೇರೆಯಾಗಿ ಏರಿಸಬೇಕು ಅನ್ನೋದನ್ನ ಒಪ್ತೀನಿ. ಆದರೆ Highlights ಇಟ್ಟು ಉಜ್ಜಿದರೆ ಏನಾಗುತ್ತೆ ಗೊತ್ತಾ? ಹಲ್ಲು ಒದ್ದೆ ವಸ್ತು. ಅದರ ಮೇಲೆ ಫ್ಲ್ಯಾಶ್‌ನದೋ ಬಲ್ಬಿನದೋ ಸಣ್ಣ ಬಿಳಿ ಚುಕ್ಕೆಗಳು ಹೊಳೆಯುತ್ತಿರುತ್ತವೆ. ಆ ಚುಕ್ಕೆ ಇರೋದಕ್ಕೇ ನಮ್ಮ ಕಣ್ಣು ಅದನ್ನು ಹಲ್ಲು ಅಂತ ನಂಬೋದು. ಸುತ್ತಲಿನ ಜಾಗವನ್ನೂ ಅದೇ ಮಟ್ಟಕ್ಕೆ ಏರಿಸಿದರೆ ಚುಕ್ಕೆ ಮುಳುಗಿಹೋಗುತ್ತೆ. ಆಮೇಲೆ ಉಳಿಯೋದು ಒಣ ಸೀಮೆಸುಣ್ಣ. ಅದೂ ಅಲ್ಲದೆ, ಹಳದಿ ಹಲ್ಲಿನ ಬೆಳಕು ಏರಿಸಿದರೆ ಸಿಗೋದು ಜಾಸ್ತಿ ಬೆಳಕಿನ ಹಳದಿ ಹಲ್ಲು, ಅಷ್ಟೆ.

ಅರಸೀಕೆರೆಯವರೇ, ಒಂದು ಕೆಲಸ ಮಾಡಿ. ಮೂಲ ಫೋಟೋ ತೆಗೆದು F8 ಒತ್ತಿ, Info ಪ್ಯಾನೆಲ್ ಬರುತ್ತೆ. ಐಡ್ರಾಪರ್‌ನ Sample Size ಅನ್ನು 5 by 5 Average ಮಾಡಿ. ಮೂರು ಕಡೆ ಇಟ್ಟು R, G, B ನಂಬರ್, ಅಂದರೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ ಬರೆದುಕೊಳ್ಳಿ: ಮುಂದಿನ ದೊಡ್ಡ ಹಲ್ಲು, ಕೋರೆಹಲ್ಲು, ಎರಡು ಹಲ್ಲಿನ ನಡುವಿನ ಸಂದಿ. ಆಮೇಲೆ ಅವನು ಉಟ್ಟಿರೋ ಬಿಳಿ ಪಂಚೆ ಅಥವಾ ಶಲ್ಯ, ಮುಖಕ್ಕೆ ಬಿದ್ದ ಬೆಳಕೇ ಬಿದ್ದಿರೋ ಜಾಗ ನೋಡಿ, ಅದರ ನಂಬರೂ ಬೇಕು.

ಅರಸೀಕೆರೆ ಫೋಟೋ

ತಗೊಳ್ಳಿ ಸರ್.

ಮುಂದಿನ ಹಲ್ಲು: 208, 184, 140
ಕೋರೆಹಲ್ಲು: 160, 132, 92
ಸಂದಿ: ಸುಮಾರು 60 ಆಸುಪಾಸು
ಭುಜದ ಮೇಲಿನ ಶಲ್ಯ: 224, 208, 182

ಹಳೇ ರಿಟಚರ್

ಸರಿ, ಈ ನಂಬರಲ್ಲೇ ಎಲ್ಲ ಇದೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಮೊದಲು ನಿಮ್ಮ -100. ಅದು ಹಳದಿ ಮಾತ್ರ ತೆಗೆಯಲ್ಲ, ಇದ್ದಬದ್ದ ಬಣ್ಣವನ್ನೆಲ್ಲ ತೆಗೆಯುತ್ತೆ. ಮುಂದಿನ ಹಲ್ಲು ಸುಮಾರು 174, 174, 174 ಆಗುತ್ತೆ. ಅಪ್ಪಟ ಬೂದು. ನಿಮ್ಮ ಫೋಟೋದಲ್ಲಿ ಬಿಳಿ ಶಲ್ಯವೇ ಬೂದು ಇಲ್ಲ ನೋಡಿ. ಅದರ ಕೆಂಪಿಗೂ ನೀಲಿಗೂ 42 ವ್ಯತ್ಯಾಸ ಇದೆ, ಯಾಕೆಂದರೆ ಛತ್ರದ ಬೆಳಕೇ ಹಳದಿ. ಎಲ್ಲವೂ ಹಳದಿ ಬೆಳಕಲ್ಲಿ ಮಿಂದಿರುವಾಗ ಹಲ್ಲೊಂದು ಮಾತ್ರ ಬಣ್ಣವಿಲ್ಲದೆ ನಿಂತರೆ ಕಣ್ಣಿಗೆ ಅದು ನೀಲಿ ಬೂದು ಅಂತ ಕಾಣುತ್ತೆ. ಬೇರೆ ಫೋಟೋದಿಂದ ಕತ್ತರಿಸಿ ಅಂಟಿಸಿದ ಹಾಗೆ.

ಆ ಬೂದು ನೋಡಿ ಗಾಬರಿಯಾಗಿ ನೀವು Lightness +40 ಮಾಡಿದ್ದೀರಿ. ಪಟ್ಟಿ ಅಂಟಿಸಿದ ಹಾಗೆ ಆಗಿದ್ದು ಇಲ್ಲೇ. ಆ ಸ್ಲೈಡರ್ ಪ್ರತಿ ಪಿಕ್ಸೆಲ್ಲನ್ನೂ ಬಿಳಿ ಕಡೆಗೆ ಎಳೆಯುತ್ತೆ. ಬಿಳಿಯಿಂದ ದೂರ ಇರೋದನ್ನ ಜಾಸ್ತಿ ಎಳೆಯುತ್ತೆ, ಹತ್ತಿರ ಇರೋದನ್ನ ಕಮ್ಮಿ. ಲೆಕ್ಕ ಹಾಕಿ. 174 ಇದ್ದ ಮುಂದಿನ ಹಲ್ಲು ಸುಮಾರು 206ಕ್ಕೆ ಹೋಯ್ತು, ಅಂದರೆ 32 ಏರಿತು. ಕೋರೆಹಲ್ಲು 126ರಿಂದ 178. ಸಂದಿ 60ರಿಂದ 138! ಕತ್ತಲಾಗಿದ್ದ ಸಂದಿ 78 ಏರಿದೆ. ಹಲ್ಲು ಹಲ್ಲಿನ ನಡುವಿನ ಗೆರೆ ಅಳಿಸಿಹೋಯ್ತು. ಮುಂದಿನ ಹಲ್ಲಿಗೂ ಕೋರೆಹಲ್ಲಿಗೂ ಇದ್ದ ನೆರಳಿನ ವ್ಯತ್ಯಾಸವೂ 48ರಿಂದ 28ಕ್ಕೆ ಇಳೀತು. ಬಾಯಿ ಅಂದರೆ ಗುಹೆ ಇದ್ದ ಹಾಗೆ, ಒಳಗೆ ಹೋದಷ್ಟೂ ಕತ್ತಲು. ಆ ಕತ್ತಲನ್ನೇ ತೆಗೆದರೆ ಚಪ್ಪಟೆ ಆಗದೆ ಇನ್ನೇನಾಗುತ್ತೆ?

ಹಾಗಾಗಿ ಹಳದಿ ತೆಗೆಯೋದು ಒಂದು ಲೇಯರ್, ಬೆಳಕು ಏರಿಸೋದು ಇನ್ನೊಂದು ಲೇಯರ್. ಎರಡನ್ನೂ ಒಂದೇ ಸ್ಲೈಡರ್ ಪೆಟ್ಟಿಗೆಯಲ್ಲಿ ಮುಗಿಸೋ ಆಸೆ ಬಿಡಬೇಕು.

ಹಳದಿಗೆ ಅದೇ Hue/Saturation ಸಾಕು, ಆದರೆ ಅಡ್ಜಸ್ಟ್‌ಮೆಂಟ್ ಲೇಯರ್ ಆಗಿ. Master ಅಂತ ಇರೋ ಕಡೆ Yellows ಆರಿಸಿ. Saturation -40. Lightness ಮುಟ್ಟಬೇಡಿ. ಇದರಲ್ಲಿ ಇನ್ನೊಂದು ಲಾಭ ಇದೆ. ಒಸಡು, ತುಟಿ ಕೆಂಪು ಕಡೆಗಿರೋದರಿಂದ ಸೆಲೆಕ್ಷನ್ ಒಂಚೂರು ಆಚೆ ಹೋದರೂ ಅವುಗಳ ಬಣ್ಣ ಅಷ್ಟಾಗಿ ಕೆಡಲ್ಲ. Master ಅಲ್ಲಿ ಮಾಡಿದರೆ ಒಸಡು ಹೆಣದ ಬಣ್ಣಕ್ಕೆ ತಿರುಗುತ್ತೆ.

ಕ್ಯಾಮೆರಾ ಕಿಟ್ಟಿ

ಸರ್, Yellows ಅಲ್ಲಿ ನಾನೂ ಮಾಡಿ ನೋಡಿದ್ದೀನಿ. ಕೆಲವು ಫೋಟೋದಲ್ಲಿ -40 ಅಲ್ಲ, -80 ಕೊಟ್ಟರೂ ಹಲ್ಲು ಅಲ್ಲಾಡಲ್ಲ. ಅದಕ್ಕೇ ಬೇಜಾರಾಗಿ Dodge ಹಿಡಿದಿದ್ದು.

ಹಳೇ ರಿಟಚರ್

ಒಳ್ಳೇ ಪ್ರಶ್ನೆ. ಫೋಟೋಶಾಪ್‌ನ Yellows ಅಂದರೆ ಬಣ್ಣದ ಚಕ್ರದಲ್ಲಿ 45 ಡಿಗ್ರಿಯಿಂದ 75ರವರೆಗೆ ಪೂರ್ತಿ ಕೆಲಸ ಮಾಡುತ್ತೆ. 45ರಿಂದ 15ರ ಕಡೆಗೆ ಇಳೀತಾ ಇಳೀತಾ ಸಪ್ಪೆಯಾಗುತ್ತೆ. ಆ ಪೆಟ್ಟಿಗೆಯ ಕೆಳಗೆ ಬಣ್ಣದ ಪಟ್ಟಿಯಲ್ಲೇ ಈ ನಂಬರ್ ಕಾಣುತ್ತೆ. ಈ ಮದುಮಗನ ಮುಂದಿನ ಹಲ್ಲು ಸುಮಾರು 39 ಡಿಗ್ರಿ, ಅಂದರೆ ನೀವು ಕೊಟ್ಟದ್ದರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ತಗಲುತ್ತೆ. ತುಂಬಾ ಕೆಂಪಗಿನ ಬಲ್ಬಿನ ಕೆಳಗೆ ತೆಗೆದ ಫೋಟೋದಲ್ಲಿ ಹಲ್ಲು 25ಕ್ಕೆ ಇಳಿದಿರುತ್ತೆ. ನಮ್ಮ ಕಣ್ಣಿಗೆ ಹಳದಿ, ಫೋಟೋಶಾಪ್‌ಗೆ ಮೂರರಲ್ಲಿ ಎರಡು ಪಾಲು ಕೆಂಪು.

ಆಗ ಅದೇ ಪೆಟ್ಟಿಗೆಯ ಐಡ್ರಾಪರ್ ತಗೊಂಡು ಹಲ್ಲಿನ ಮೇಲೆ ಒಂದು ಸಲ ಕ್ಲಿಕ್ ಮಾಡಿ. ಪಟ್ಟಿ ತಾನೇ ಆ ಬಣ್ಣಕ್ಕೆ ಸರಿದುಕೊಳ್ಳುತ್ತೆ. Yellows ಅಂತ ಇದ್ದ ಹೆಸರು Reds 2 ಅಂತ ಬದಲಾದರೆ ಗಾಬರಿಯಾಗಬೇಡಿ, ಅದು ಹಾಗೇ. ಆದರೆ ಈಗ ಒಸಡು, ತುಟಿಗೂ ತಗಲುತ್ತೆ. ಮಾಸ್ಕ್ ಹುಷಾರಾಗಿ ಮಾಡಬೇಕು.

ನಿಜ ಹೇಳಬೇಕೆಂದರೆ ಅಂಥ ಫೋಟೋದಲ್ಲಿ ಮೊದಲು ಸರಿಮಾಡಬೇಕಾದ್ದು ವೈಟ್ ಬ್ಯಾಲೆನ್ಸ್. ಅರ್ಧ ಹಲ್ಲು ಅಲ್ಲೇ ಬಿಳಿಯಾಗಿರುತ್ತೆ.

ಬೈಲಹೊಂಗಲದ ಗಿಂಪ್ ಬಳಗ

ನಾವು ಗಿಂಪ್‌ನಾಗ ಮಾಡೋರು. ಅಲ್ಲಿ Colors > Hue-Saturation ಒಳಗ Y ಒತ್ತಿ ಮಾಡಬೇಕು. ಆದರ Y ಮತ್ತ R ನಡುವೆ 30 ಡಿಗ್ರಿಗೆ ಗೆರಿ ಕೊಯ್ದಂಗ ಇರ್ತದ. ಒಂದೇ ಹಲ್ಲಿನ ಒಂದು ಕಡಿ 32, ಇನ್ನೊಂದು ಕಡಿ 28 ಇದ್ರ ಅರ್ಧ ಹಲ್ಲು ಬೆಳ್ಳಗ, ಅರ್ಧ ಹಳದಿ ಆಗಿ ಕಲೆ ಕಲೆ ಕಾಣ್ತದ. Overlap ಅಂತ ಒಂದು ಸ್ಲೈಡರ್ ಅದ, ಅದನ್ನ ಏರಿಸ್ರಿ. ನನಗ ಇದು ತಿಳಿಯೂದಕ್ಕ ಆರು ತಿಂಗಳು ಹಿಡೀತು.

ಅರಸೀಕೆರೆ ಫೋಟೋ

ಸರ್, -40 ಮಾಡಿದೆ. ಈಗ ಮುಂದಿನ ಹಲ್ಲು 197, 181, 151 ತೋರಿಸ್ತಿದೆ. ಸಾಕಾ? ನನ್ನ ಕಣ್ಣಿಗೆ ಇನ್ನೂ ಹಳದಿ ಇದೆ ಅನ್ನಿಸ್ತಿದೆ.

ನೆರಳು ಬೆಳಕು

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ನೀವು ಈ ಕೆಲಸ ರಾತ್ರಿ ಮಾಡ್ತೀರಾ? ಕಂಪ್ಯೂಟರ್‌ನಲ್ಲಿ Night light ಆನ್ ಇದೆಯಾ ನೋಡಿ.

ಅರಸೀಕೆರೆ ಫೋಟೋ

ಅಯ್ಯೋ ದೇವರೇ. ಆನ್ ಇದೆ. ಸಂಜೆ ಏಳಕ್ಕೆ ತಾನೇ ಆನ್ ಆಗೋ ಹಾಗೆ ಇಟ್ಟಿದ್ದೆ, ಕಣ್ಣುರಿ ಅಂತ. ಆ ಆಲ್ಬಂ ಪೂರ್ತಿ ರಾತ್ರಿ ಕೂತೇ ಮಾಡಿದ್ದು.

ನೆರಳು ಬೆಳಕು

ಅಲ್ಲಿಗೆ ಅರ್ಧ ಕಥೆ ಮುಗೀತು. ಸ್ಕ್ರೀನೇ ಹಳದಿ ಇದ್ದರೆ ಹಲ್ಲು ಎಷ್ಟು ತೊಳೆದರೂ ಹಳದಿ. ನಾನೂ ಒಮ್ಮೆ ಹೀಗೆ ಒಂದು ಬೊಂಬೆಯಂಥ ಮಗುವಿನ ಫೋಟೋ ಕೆಡಿಸಿದ್ದೆ. Info ನಂಬರ್ ಮಾತ್ರ Night light ಇದ್ದರೂ ಬದಲಾಗಲ್ಲ, ಅದನ್ನೇ ನಂಬಿ.

ಹಳೇ ರಿಟಚರ್

ಭೇಷ್, ನನಗೆ ಹೊಳೆದೇ ಇರಲಿಲ್ಲ.

197, 181, 151 ಅಂದರೆ ಕೆಂಪಿಗೂ ನೀಲಿಗೂ 46 ವ್ಯತ್ಯಾಸ. ಮೊದಲು 68 ಇತ್ತು. ಶಲ್ಯದ್ದು 42. ಅಲ್ಲಿಗೆ ನಿಲ್ಲಿಸಿ. ಇದು ನನ್ನ ಲೆಕ್ಕ: ಅದೇ ಬೆಳಕಲ್ಲಿರೋ ಬಿಳಿ ಬಟ್ಟೆಗಿಂತ ಹಲ್ಲು ಒಂದು ಕೂದಲಾದರೂ ಹೆಚ್ಚು ಹಳದಿ ಇರಬೇಕು. ಬಟ್ಟೆಯನ್ನು ದಾಟಿದ ಕ್ಷಣ ಅದು ಸುಳ್ಳು ಹಲ್ಲು.

ಇನ್ನು ಬೆಳಕು. ಮೇಲೊಂದು Curves ಲೇಯರ್ ಹಾಕಿ, ಮೋಡ್ Luminosity. ಮೊದಲು ಕೆಳಗಡೆ 60ರ ಹತ್ತಿರ ಒಂದು ಚುಕ್ಕೆ ಹಾಕಿ, ಅದನ್ನು ಅಲ್ಲಾಡಿಸಬೇಡಿ. ಅದು ಮೊಳೆ ಹೊಡೆದ ಹಾಗೆ, ಸಂದಿ ಮೇಲೇಳದ ಹಾಗೆ ಹಿಡಿದಿರುತ್ತೆ. ಆಮೇಲೆ 175ರ ಹತ್ತಿರ ಇನ್ನೊಂದು ಚುಕ್ಕೆ ಹಾಕಿ 190ಕ್ಕೆ ಎತ್ತಿ. ಮುಂದಿನ ಹಲ್ಲು 212, 196, 166 ಆಸುಪಾಸಿಗೆ ಬರುತ್ತೆ. 224ರ ಶಲ್ಯಕ್ಕಿಂತ ಇನ್ನೂ ಕೆಳಗಿದೆ. ಮೇಲಿನ ಬಿಳಿ ಚುಕ್ಕೆಗಳೂ ಉಳಿಯುತ್ತವೆ.

ಕೊನೆಗೆ ಮಾಸ್ಕ್. ಮುಂದಿನ ನಾಲ್ಕು ಹಲ್ಲಿಗೆ ಪೂರ್ತಿ ಬಿಳಿ. ಕೋರೆಹಲ್ಲಿಗೆ ಬ್ರಶ್ 60%, ಅದರ ಹಿಂದಿನದಕ್ಕೆ 30%, ದವಡೆ ಕಡೆಗೆ ಏನೂ ಬೇಡ. ಕೋರೆಹಲ್ಲು ಹುಟ್ಟಾ ಸ್ವಲ್ಪ ಹಳದಿಯೇ, ಯಾರ ಬಾಯಲ್ಲಾದರೂ ನೋಡಿ. ಅದನ್ನು ಮುಂದಿನ ಹಲ್ಲಿನ ಜೊತೆ ಸಮ ಮಾಡಿದರೆ ಮತ್ತೆ ಹಲ್ಲುಸೆಟ್. ಅಂಚಿಗೆ 1 ಅಥವಾ 2 ಪಿಕ್ಸೆಲ್ ಫೆದರ್ ಸಾಕು. ಜಾಸ್ತಿ ಕೊಟ್ಟರೆ ಕೆಳತುಟಿಯ ಮೇಲೆ ಬಿಳಿ ಮಂಜು ಕೂರುತ್ತೆ. ಒಸಡಿನ ಬುಡದಲ್ಲಿ ಒಂದು ಗೆರೆಯಷ್ಟು ಮೂಲ ಬಣ್ಣ ಬಿಟ್ಟುಬಿಡಿ.

ಮೈಸೂರು ಮಲ್ಲಿಗೆಪುರ

ಬಟ್ಟೆ ಯಾಕೆ ಸರ್? ನನಗೆ ಕಲಿಸಿದವರು ಕಣ್ಣಿನ ಬಿಳಿಗೆ ಹೋಲಿಸು ಅಂದಿದ್ದರು. ಕಣ್ಣಿನ ಬಿಳಿಗಿಂತ ಹಲ್ಲು ಬೆಳ್ಳಗಿರಬಾರದು ಅಂತ. ಎಲ್ಲ ಫೋಟೋದಲ್ಲೂ ಬಿಳಿ ಪಂಚೆ ಎಲ್ಲಿರುತ್ತೆ?

ಹಳೇ ರಿಟಚರ್

ಪಂಚೆ ಇಲ್ಲದಿದ್ದರೆ ಕಣ್ಣೇ ಗತಿ, ತಪ್ಪಿಲ್ಲ. ಆದರೆ ಮದುವೆ ಫೋಟೋದಲ್ಲಿ ನಾನು ಕಣ್ಣನ್ನು ನಂಬಲ್ಲ. ಹಿಂದಿನ ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಹೋಮದ ಹೊಗೆ. ಕಣ್ಣು ಕೆಂಪಗಿರುತ್ತೆ. ಅದರ ಜೊತೆ ರೆಪ್ಪೆಯ ನೆರಳು. ಅದಕ್ಕೆ ಹೋಲಿಸಿದರೆ ಹಲ್ಲು ಕಂದು ಉಳಿಯುತ್ತೆ.

ಮೈಸೂರು ಮಲ್ಲಿಗೆಪುರ

ಬಟ್ಟೆಗೆ ನೀಲಿ ಹಾಕಿ ಒಗೆದಿದ್ದರೆ? ಹೊಸ ಪಂಚೆಯ ಹೊಳಪಿಗೆ ಹಾಕೋ ಬಿಳುಪಿನ ಪುಡಿಯೂ ಫ್ಲ್ಯಾಶ್‌ಗೆ ನೀಲಿ ಹೊಡೆಯುತ್ತೆ. ನಾನು ಕಣ್ಣನ್ನೇ ನೋಡೋದು. ಇದನ್ನು ಒಪ್ಪಲ್ಲ ಸರ್.

ಹಳೇ ರಿಟಚರ್

ನೀಲಿ ಹಾಕಿದ ಬಟ್ಟೆಯ ಮಾತು ಸರಿ. ಅದನ್ನು ನಾನು ಹೇಳಬೇಕಿತ್ತು.

ಫೋನ್‌ಲೇ ಎಲ್ಲ

ನಮ್ಮತ್ರ ಕಂಪ್ಯೂಟರ್ ಇಲ್ಲದವರಿಗೆ? ಸ್ನ್ಯಾಪ್‌ಸೀಡ್‌ನಲ್ಲಿ ಮಾಡಬಹುದಾ?

ನೆರಳು ಬೆಳಕು

ಮಾಡಬಹುದು. ಬ್ರಶ್ ತಗೊಂಡು Saturation -5 ಇಟ್ಟು ಹಲ್ಲಿನ ಮೇಲೆ ಒಂದು ಸಲ ಎಳೆಯಿರಿ, -10 ಬೇಡ. ಎಷ್ಟು ದೊಡ್ಡದಾಗುತ್ತೋ ಅಷ್ಟು ಝೂಮ್ ಮಾಡಿ ಎಳೆಯಬೇಕು, ಯಾಕೆಂದರೆ ಅಲ್ಲಿ ಹಳದಿ ಒಂದನ್ನೇ ಆರಿಸೋಕೆ ಆಗಲ್ಲ, ತುಟಿಗೆ ತಗಲಿದರೆ ತುಟಿಯೂ ಸಪ್ಪೆ. ಬ್ಯೂಟಿ ಆ್ಯಪ್‌ನ ಹಲ್ಲಿನ ಬಟನ್ ಒತ್ತೋದಾದರೆ 100ರಲ್ಲಿ 20 ದಾಟಬೇಡಿ.

ಪಾವಗಡದವನು

ನನ್ನದು ಸ್ವಲ್ಪ ಬೇರೆ ಸಮಸ್ಯೆ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಚಿಕ್ಕಂದಿನಿಂದ ಅದೇ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ, ಅದರ ಮಗ್ಗುಲಲ್ಲೇ ಸುಣ್ಣದಂಥ ಬಿಳಿ ಮಚ್ಚೆ. ಮೇಲೆ ಹೇಳಿದ ಹಾಗೆ Yellows ಕಮ್ಮಿ ಮಾಡಿದರೆ ಕಂದು ಗೆರೆ ಬೂದು ಗೆರೆ ಆಗುತ್ತೆ, ಇನ್ನೂ ಅಸಹ್ಯ. ಬೆಳಕು ಏರಿಸಿದರೆ ಬಿಳಿ ಮಚ್ಚೆ ಮೊದಲು ಉರಿದುಹೋಗುತ್ತೆ.

ಹೆಣ್ಣು ನೋಡೋ ಶಾಸ್ತ್ರಕ್ಕೆ ಕಳಿಸೋ ಫೋಟೋಗಳೇ ನನ್ನ ಅಂಗಡಿಗೆ ಜಾಸ್ತಿ ಬರೋದು.

ಹಳೇ ರಿಟಚರ್

ಇದಕ್ಕೆ ಬಣ್ಣದ ಸ್ಲೈಡರ್ ಕೆಲಸ ಮಾಡಲ್ಲ. ಹೊಸ ಖಾಲಿ ಲೇಯರ್, ಲೇಯರ್‌ನ ಮೋಡ್ Lighten. Clone Stamp ತಗೊಂಡು Sample ಅಲ್ಲಿ Current & Below, Opacity 25%. ಅದೇ ಹಲ್ಲಿನ ಒಳ್ಳೇ ಭಾಗದಿಂದ ತಗೊಂಡು ಕಂದು ಗೆರೆ ಮೇಲೆ ಮೂರು ನಾಲ್ಕು ಸಲ. Lighten ಇರೋದರಿಂದ ಕಪ್ಪಗಿರೋದು ಮಾತ್ರ ತಿಳಿಯಾಗುತ್ತೆ. ಬಿಳಿ ಮಚ್ಚೆಗೆ ಇನ್ನೊಂದು ಖಾಲಿ ಲೇಯರ್, ಅದೇ ಬ್ರಶ್, ಲೇಯರ್‌ನ ಮೋಡ್ Darken. ಪಕ್ಕದ ಹಲ್ಲಿನಿಂದ ತಗೋಬೇಡಿ, ಬೆಳಕು ಬೀಳೋ ಕೋನ ಬೇರೆ ಇರುತ್ತೆ. ಗೆರೆಯನ್ನು ಪೂರ್ತಿ ಅಳಿಸಬೇಡಿ, ಮೂರರಲ್ಲಿ ಒಂದು ಪಾಲು ಉಳಿಯಲಿ.

ಪಾವಗಡದವನು

ಉಳಿಸಿದರೆ ಮನೆಯವರು ಒಪ್ಪಲ್ಲ ಸರ್, ಅಳಿಸಿದರೆ ಹುಡುಗನ ಕಡೆಯವರು ಮನೆಗೆ ಬಂದ ದಿನ ನೋಡ್ತಾರೆ. ಒಂದು ಸಲ ಹಾಗೇ ಆಗಿ, ಹುಡುಗಿಯ ತಾಯಿ ಅಂಗಡಿಗೆ ಬಂದು ಅತ್ತರು. ಅವತ್ತಿನಿಂದ ಈ ಫೋಟೋಗಳಲ್ಲಿ ಹಲ್ಲು ಮುಟ್ಟೋಕೇ ಕೈ ಬರಲ್ಲ. ಬಾಯಿ ಮುಚ್ಚಿ ನಗಿಸ್ತೀನಿ.

ಶಾರದಕ್ಕ

ಬಾಯಿ ಮುಚ್ಚಿ ನಗೋದು ಎಂಥ ನಗುವಪ್ಪ. ಆ ಹುಡುಗಿಗೆ ಏನು ಇಷ್ಟ ಅಂತ ಕೇಳಿದಿರಾ?

ಪಾವಗಡದವನು

ಇಲ್ಲ ಅಕ್ಕ. ಹುಡುಗಿಯನ್ನು ಕೇಳೋ ಅಭ್ಯಾಸ ನನಗೂ ಇರಲಿಲ್ಲ.

ಕ್ಯಾಮೆರಾ ಕಿಟ್ಟಿ

ವಿಷಯಕ್ಕೆ ಬರೋಣ. ನಿನ್ನೆ ರಾತ್ರಿ ಸರ್ ಹೇಳಿದ ಹಾಗೆ Curves ಅಲ್ಲಿ ಮಾಡಿದೆ. ಒಪ್ಪಿದೆ, ಸಂದಿ ಉಳಿಯುತ್ತೆ. ಆದರೆ ಒಂದು ಆಲ್ಬಂಗೆ 200 ಫೋಟೋ. ಒಂದೊಂದಕ್ಕೆ ಹತ್ತು ನಿಮಿಷ ಅಂದರೆ ಹಲ್ಲು ಉಜ್ಜುತ್ತಲೇ ವಾರ ಕಳೆಯುತ್ತೆ. ದುಡ್ಡು ಯಾರು ಕೊಡ್ತಾರೆ?

ನೆರಳು ಬೆಳಕು

200ಕ್ಕೂ ಯಾಕೆ? ಮುಖ ಒಂದು ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗಿ ಪ್ರಿಂಟ್ ಆಗೋ ಫೋಟೋಗೆ ಮಾತ್ರ ಮಾಡಿ. ಗ್ರೂಪ್ ಫೋಟೋದಲ್ಲಿ ಹಲ್ಲು ಮುಟ್ಟಬೇಡಿ, ಎಲ್ಲರದೂ ಒಂದೇ ಬಿಳಿ ಆದರೆ ಟೂತ್‌ಪೇಸ್ಟ್ ಜಾಹೀರಾತು. ಲೈಟ್‌ರೂಮ್ ಇದ್ದರೆ ಜನರ ಮಾಸ್ಕ್‌ನಲ್ಲಿ Teeth ಅಂತಲೇ ಇದೆ, ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ಕಾಪಿ ಆಗುತ್ತೆ. ಆದರೆ ಅದು ದವಡೆ ಹಲ್ಲನ್ನೂ ಸೇರಿಸಿಕೊಳ್ಳುತ್ತೆ, ಮೂಲೆಗಳನ್ನು ಬ್ರಶ್‌ನಲ್ಲಿ ಕಳೆಯಬೇಕು.

ಅರಸೀಕೆರೆ ಫೋಟೋ

ಅಪ್‌ಡೇಟ್ ಕೊಡೋಕೆ ಬಂದೆ.

Night light ಆಫ್ ಮಾಡಿ, ಬೆಳಿಗ್ಗೆ ಕೂತು, ಎರಡು ಲೇಯರ್‌ನಲ್ಲಿ ಮಾಡಿದೆ. ಮುಂದಿನ ಹಲ್ಲು 211, 196, 167. ಸಂದಿ 62. ಮೊದಲು ನೋಡಿದಾಗ "ಏನೂ ಮಾಡೇ ಇಲ್ವಲ್ಲ" ಅನ್ನಿಸ್ತು. ಲೇಯರ್ ಕಣ್ಣು ಆಫ್ ಮಾಡಿ ಆನ್ ಮಾಡಿದಾಗ ವ್ಯತ್ಯಾಸ ಗೊತ್ತಾಯ್ತು. ಆಲ್ಬಂ ಪೂರ್ತಿ ಹಾಕೋ ಮೊದಲು ಲ್ಯಾಬ್‌ನಲ್ಲಿ ಒಂದು 4x6 ಪ್ರಿಂಟ್ ಹಾಕಿಸಿ ಹಳೇದರ ಪಕ್ಕ ಇಟ್ಟೆ. ಹಳೇದರಲ್ಲಿ ಮುಖಕ್ಕಿಂತ ಮೊದಲು ಹಲ್ಲು ಕಾಣುತ್ತೆ. ಹೊಸದರಲ್ಲಿ ಮೊದಲು ಕಣ್ಣು.

ಅವರ ಅಪ್ಪನಿಗೆ ತೋರಿಸಿದೆ. "ಇದು ನಮ್ಮ ಹುಡುಗ" ಅಂದರು. ಮರುಪ್ರಿಂಟ್ ಖರ್ಚು ನನ್ನದೇ, ಅದು ಬಿಡಿ.

ಈಗ ಹೊಸ ತಲೆನೋವು. ಅದೇ ಆಲ್ಬಂನಲ್ಲಿ ಅವರ ಅಜ್ಜಿಯ ಕ್ಲೋಸಪ್ ಇದೆ. ಎಲೆ ಅಡಿಕೆ ಹಾಕಿ ಹಾಕಿ ಹಲ್ಲು ಕೆಂಪು ಕಪ್ಪು. ಮೊಮ್ಮಗಳು ಬೆಳ್ಳಗೆ ಮಾಡಿ ಅಂತಾಳೆ. ಅಪ್ಪ ಮುಟ್ಟಬೇಡಿ ಅಂತಾರೆ.

ಹಳೇ ರಿಟಚರ್

ಅಡಿಕೆ ಕಲೆ ಹಳದಿ ಅಲ್ಲ, ಕೆಂಪು ಕಡೆಗಿರುತ್ತೆ. ತುಟಿ, ನಾಲಗೆಯೂ ಅದೇ ಬಣ್ಣ. ಹಲ್ಲು ಮಾತ್ರ ತೊಳೆದರೆ ತುಟಿ ಕೆಂಪು ಹಾಗೇ ಉಳಿದು ಲಿಪ್‌ಸ್ಟಿಕ್ ಹಚ್ಚಿದ ಹಾಗಿರುತ್ತೆ. ನಾನಾದರೆ ಬಿಡ್ತೀನಿ.

ಮೈಸೂರು ಮಲ್ಲಿಗೆಪುರ

ಅಜ್ಜಿಯನ್ನೇ ಕೇಳಿ, ಮೊಮ್ಮಗಳನ್ನಲ್ಲ.

ಅರಸೀಕೆರೆ ಫೋಟೋ

ಕೇಳಿದೆ. ಫೋಟೋವನ್ನು ಫೋನ್‌ನಲ್ಲಿ ತೋರಿಸಿದೆ. ಹಲ್ಲು ನೋಡಲೇ ಇಲ್ಲ. "ಮೂಗುತಿ ಸರಿಯಾಗಿ ಬಂದಿಲ್ಲವಲ್ಲೋ, ಅದನ್ನ ಹೊಳೆಸು" ಅಂದರು. ಮೂಗುತಿಗೆ ಯಾವ ನಂಬರ್ ಸರ್?